ಡಿಸ್ಲೆಕ್ಸಿಯಾ ಫಾಂಟ್ ಹಾಕಿದರೂ ಕನ್ನಡ ಅಕ್ಷರ ಹಾಗೇ ಇದೆ, ಏನು ಮಾಡಲಿ?

ಪ್ರಶ್ನೆ – ನಾಪೋಕ್ಲು ಕಡೆಯ ತಾಯಿ

ಮೇಡಂ, ನನ್ನ ಮಗನಿಗೆ ಎಂಟು ವರ್ಷ, ಕನ್ನಡ ಮೀಡಿಯಂ ಮೂರನೇ ಕ್ಲಾಸು. ಕತೆ ಹೇಳಿದರೆ ಒಂದು ಮಾತು ಬಿಡದೆ ವಾಪಸ್ ಹೇಳುತ್ತಾನೆ. ಪುಸ್ತಕ ಕೊಟ್ಟರೆ ಮುಖ ಸಣ್ಣದು ಮಾಡುತ್ತಾನೆ. ‘ಅಜ್ಜಿ’ಯನ್ನು ‘ಅಜಿ’ ಅನ್ನುತ್ತಾನೆ, ‘ಕುಸ್ತಿ’ಯನ್ನು ‘ಕುಸಿತ’ ಅಂತ ಓದಿದ. ಯಾರೋ ಹೇಳಿದರು ಅಂತ, ಓದಲು ಕಷ್ಟಪಡುವ ಮಕ್ಕಳಿಗಾಗಿ ಮಾಡಿದ ಡಿಸ್ಲೆಕ್ಸಿಯಾ ಫಾಂಟ್ ಫೋನಿಗೆ ಹಾಕಿದೆ. ಇಂಗ್ಲಿಷ್ ಅಕ್ಷರ ಮಾತ್ರ ಬದಲಾಯಿತು. ಯಾವ ಆ್ಯಪ್ ಒಳ್ಳೆಯದು? ಮಳೆ ಶುರುವಾದರೆ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.

ವಿಶೇಷ ಶಿಕ್ಷಕಿ, ಮಡಿಕೇರಿ

ಅಕ್ಕ, ನಿಮ್ಮ ಫೋನ್ ಸರಿಯಾಗೇ ಇದೆ. ನೀವು ಹಾಕಿದ್ದು ಓಪನ್‌ಡಿಸ್ಲೆಕ್ಸಿಕ್ ಇರಬೇಕು. ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಇಲ್ಲದ ಅಕ್ಷರ ಬಂದಾಗ ಫೋನು ತನ್ನ ಹಳೇ ಫಾಂಟನ್ನೇ ತೋರಿಸುತ್ತದೆ. ಅದಕ್ಕೆ ಬೇಜಾರಾಗಬೇಡಿ, ಇಂಗ್ಲಿಷಿನಲ್ಲೂ ಆ ಫಾಂಟಿನಿಂದ ಓದು ಸುಧಾರಿಸಿತು ಅಂತ ಪರೀಕ್ಷೆಗಳಲ್ಲಿ ಗಟ್ಟಿಯಾಗಿ ಕಂಡಿಲ್ಲ.

ಆ್ಯಪಿಗಿಂತ ಮೊದಲು ‘ಕುಸಿತ’ದ ವಿಷಯ ಹೇಳುತ್ತೇನೆ. ನಿಮ್ಮ ಮಗ ಬಾಯಿಗೆ ಬಂದಿದ್ದು ಹೇಳಿಲ್ಲ. ‘ಸ್ತಿ’ ಅಕ್ಷರವನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ನೋಡಿ. ಗುಡಿಸು ಸ-ಕಾರದ ತಲೆ ಮೇಲೆ ಕೂತಿದೆ, ತ-ಒತ್ತು ಕೆಳಗಿದೆ. ಕಣ್ಣಿಗೆ ಕಾಣುವುದು ‘ಸಿ’, ಆಮೇಲೆ ‘ತ’. ಅವನು ಕಂಡದ್ದನ್ನೇ ಓದಿದ. ಬಾಯಲ್ಲಿ ಮಾತ್ರ ಅದು ‘ಕುಸ್’, ‘ತಿ’ ಅಂತ ಒಡೆಯುತ್ತದೆ. ‘ಅಜ್ಜಿ’ಯೂ ಹಾಗೇ: ಕಣ್ಣಿಗೆ ‘ಅ’ ಮತ್ತು ‘ಜ್ಜಿ’, ಕಿವಿಗೆ ‘ಅಜ್’ ಮತ್ತು ‘ಜಿ’. ಹೆಚ್ಚಿನ ಮಕ್ಕಳು ಈ ಕಣ್ಣು-ಕಿವಿ ಜಗಳವನ್ನು ತಾವೇ ಬಗೆಹರಿಸಿಕೊಳ್ಳುತ್ತಾರೆ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಒಂದೊಂದನ್ನೂ ಬಿಡಿಸಿ ತೋರಿಸಬೇಕು. ಫಾಂಟಿನ ಆಕಾರ ಬದಲಿಸಿದರೆ ಇದು ಸರಿಹೋಗುವುದಿಲ್ಲ.

ಈ ವಾರ ಒಂದು ಕೆಲಸ ಮಾಡಿ. ಅವನು ಮೊದಲು ನೋಡಿರದ, ಅವನ ಕ್ಲಾಸಿನ ಮಟ್ಟದ ಒಂದು ಪುಟ ಕೊಡಿ. ಒಂದು ನಿಮಿಷ ಓದಿಸಿ, ಫೋನಲ್ಲಿ ರೆಕಾರ್ಡ್ ಮಾಡಿ. ಮಧ್ಯೆ ತಿದ್ದಬೇಡಿ. ಅವನು ಮಲಗಿದ ಮೇಲೆ ಕೇಳಿ, ತಪ್ಪಿದ ಪದಗಳನ್ನು ಮೂರು ಗುಂಪು ಮಾಡಿ: ಒತ್ತಕ್ಷರ, ದೀರ್ಘ, ಒಂದೇ ಥರ ಕಾಣುವ ಅಕ್ಷರ. ಯಾವ ಗುಂಪು ದೊಡ್ಡದು ಅಂತ ಹೇಳಿ. ಯಾವ ಸಾಧನ ಬೇಕು ಅನ್ನುವುದು ಅದರ ಮೇಲೆ ನಿಂತಿದೆ.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಮನೆಯಲ್ಲಿ ಕೊಡವ ತಕ್ಕ್ ಮಾತಾಡಿ, ಶಾಲೆಯಲ್ಲಿ ಕನ್ನಡ ಓದಿಸಿದರೆ ಹೀಗೇ ಆಗುವುದು. ಜೊತೆಗೆ ನಲಿ-ಕಲಿ. ‘ಅ ಆ ಇ ಈ’ ಬಿಟ್ಟು ‘ರ ಗ ಸ ದ ಅ’ ಅಂತ ಶುರು ಮಾಡುತ್ತಾರೆ. ನಮ್ಮ ಕಾಲದಲ್ಲಿ ದಿನಕ್ಕೆ ಎರಡು ಪುಟ ಕಾಪಿ ಬರೆಸುತ್ತಿದ್ದೆವು, ಎಲ್ಲ ಮಕ್ಕಳೂ ಓದುತ್ತಿದ್ದರು.

ವಿಶೇಷ ಶಿಕ್ಷಕಿ

ಮೇಷ್ಟ್ರೇ, ಮನೆಮಾತಿನ ವಿಷಯ ಅರ್ಧ ನಿಜ. ಕನ್ನಡವೇ ಹೊಸದಾದರೆ ಓದು ನಿಧಾನವಾಗುತ್ತದೆ. ಆದರೆ ಆಗ ಕತೆ ಕೇಳಿದರೂ ಅರ್ಥವಾಗಬಾರದಲ್ವಾ? ಈ ಹುಡುಗ ಕೇಳಿದ ಕತೆಯನ್ನು ಪೂರ್ತಿ ಹೇಳುತ್ತಾನೆ. ಕೇಳಿದರೆ ಗೊತ್ತಾಗುತ್ತದೆ, ಓದಿದರೆ ಇಲ್ಲ. ನಾನು ಮೊದಲು ನೋಡುವುದೇ ಈ ಅಂತರವನ್ನು.

ನಲಿ-ಕಲಿಯ ಅಕ್ಷರ ಕ್ರಮದ ಮೇಲೆ ತಪ್ಪು ಹೊರಿಸಲಾರೆ. ಬರೆಯಲು ಸುಲಭವಾದ, ಬೇಗ ಪದ ಕಟ್ಟಬಹುದಾದ ಅಕ್ಷರ ಮೊದಲು ಬಂದರೆ ಇಂಥ ಮಕ್ಕಳಿಗೆ ಅನುಕೂಲವೇ. ಕಾಪಿ ಬರೆಯುವಾಗ ಕೈ ಮಾತ್ರ ಓಡುತ್ತದೆ, ಬಾಯಿ ಮುಚ್ಚಿರುತ್ತದೆ. ಬರೆಸುವುದಾದರೆ ‘ಅಜ್… ಜಿ’ ಅಂತ ಜೋರಾಗಿ ಹೇಳಿಸುತ್ತಾ ಬರೆಸಿ, ಎರಡು ಪುಟ ಬೇಡ, ಆರು ಪದ ಸಾಕು. ಇನ್ನು ಎಲ್ಲ ಮಕ್ಕಳೂ ಓದುತ್ತಿದ್ದರು ಅಂದಿರಿ. ಓದಲು ಬಾರದವರು ಆಗಲೂ ಇದ್ದರು ಮೇಷ್ಟ್ರೇ, ಶಾಲೆ ಬಿಟ್ಟು ತೋಟಕ್ಕೆ ಹೋಗುತ್ತಿದ್ದರು.

ಗೋಣಿಕೊಪ್ಪದ ತಂದೆ

ನನ್ನ ಮಗಳಿಗೂ ಇದೇ ಸಮಸ್ಯೆ, ಮಾತು ತೊದಲುತ್ತಾಳೆ. ‘ರ’ ಬದಲು ‘ಲ’ ಅನ್ನುತ್ತಾಳೆ. ಈ ಆ್ಯಪ್ ಅವಳಿಗೂ ಆಗುತ್ತಾ? ಮತ್ತೆ ನಾವು ಪುಟದ ಮೇಲೆ ಇಡುವ ಹಳದಿ ಪ್ಲಾಸ್ಟಿಕ್ ಹಾಳೆ ತರಿಸಿದ್ದೇವೆ. ಅಕ್ಷರ ಕುಣಿಯೋದು ನಿಲ್ಲುತ್ತೆ ಅಂತ ಮಾರಿದವರು ಹೇಳಿದರು.

ವಿಶೇಷ ಶಿಕ್ಷಕಿ

ನಿಮ್ಮದು ಮಾತಿನ ವಿಷಯ ಸರ್, ಇಲ್ಲಿ ಕೇಳಿರುವುದು ಓದಿನ ವಿಷಯ. ಅವಳನ್ನು ವಾಕ್ ಚಿಕಿತ್ಸಕರಿಗೆ ತೋರಿಸಿ, ಅದಕ್ಕೂ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಬಣ್ಣದ ಹಾಳೆ ಡಿಸ್ಲೆಕ್ಸಿಯಾಕ್ಕೆ ಪರಿಹಾರ ಅನ್ನಲು ಆಧಾರ ಇಲ್ಲ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2009ರಲ್ಲೇ ಹೇಳಿದೆ. ಇದ್ದರೆ ಇರಲಿ, ಇನ್ನೊಂದು ಕೊಳ್ಳಬೇಡಿ.

ನಾಪೋಕ್ಲು ಕಡೆಯ ತಾಯಿ

ಮೇಡಂ, ಓದಿಸಿದೆ. ಒಂದು ನಿಮಿಷಕ್ಕೆ 24 ಪದ. ಹತ್ತು ತಪ್ಪು. ಏಳು ಒತ್ತಕ್ಷರ, ಎರಡು ದೀರ್ಘ, ಒಂದು ‘ದ’ ‘ಧ’. ‘ಸೂರ್ಯ’ವನ್ನು ‘ಸೂಯರ’ ಅಂದ. ಎರಡು ಸಲ ಸಾಲು ತಪ್ಪಿ ಕೆಳಗಿನ ಸಾಲಿಗೆ ಹೋದ.

ವಿಶೇಷ ಶಿಕ್ಷಕಿ

ಚೆನ್ನಾಗಿ ಗುರುತಿಸಿದ್ದೀರಿ. ‘ಸೂಯರ’ ಕೂಡ ಕಣ್ಣಿನ ಲೆಕ್ಕದಲ್ಲಿ ಸರಿಯೇ. ಅರ್ಕಾವತ್ತಿನಲ್ಲಿ ‘ರ್’ ಮೊದಲು ಕೇಳುತ್ತದೆ, ಆದರೆ ಅದರ ಗುರುತು ‘ಯ’ ಆದ ಮೇಲೆ ಬರುತ್ತದೆ. ಅವನಿಗೆ ಮೊದಲು ‘ರ’ ಬರೆದು ಕೆಳಗೆ ಯ-ಒತ್ತು ಕೊಟ್ಟ ರೂಪ ತೋರಿಸಿ, ಆಮೇಲೆ ಪುಸ್ತಕದ ರೂಪ ಪಕ್ಕದಲ್ಲಿಡಿ. ಎರಡೂ ಒಂದೇ ಅಂತ ಹೇಳಿ.

ಈಗ ಸಾಧನ. ಸಾಲು ತಪ್ಪುವುದಕ್ಕೆ ದುಡ್ಡು ಬೇಡ. ಹಳೇ ಮದುವೆ ಕಾಗದದಲ್ಲಿ ಒಂದು ಸಾಲು ಕಾಣುವಷ್ಟು ಕಿಂಡಿ ಕತ್ತರಿಸಿ. ಕಿಂಡಿ ಸ್ವಲ್ಪ ಎತ್ತರ ಇರಲಿ, ಇಲ್ಲದಿದ್ದರೆ ಕೆಳಗಿನ ಒತ್ತು ಮುಚ್ಚಿಹೋಗುತ್ತದೆ. ಇಂಗ್ಲಿಷ್ ಮಕ್ಕಳಿಗೆ ಮಾಡಿದ ಕಿಂಡಿ ಕಾರ್ಡಿನಲ್ಲಿ ಇದೇ ತೊಂದರೆ. ಲ್ಯಾಪ್‌ಟಾಪ್ ಇದ್ದರೆ Edge ಬ್ರೌಸರಿನಲ್ಲಿ ಕನ್ನಡ ಕತೆಯ ಪುಟ ತೆರೆದು `F9` ಒತ್ತಿ, Immersive Reader ಬರುತ್ತದೆ. ಕೆಲವು ಪುಟಗಳಲ್ಲಿ ಬರುವುದಿಲ್ಲ, ಆಗ ಬೇರೆ ಪುಟ ನೋಡಿ. ಅದರಲ್ಲಿ Line Focus ಹಾಕಿದರೆ ಒಂದು ಸಾಲು ಬಿಟ್ಟು ಉಳಿದದ್ದು ಮಸುಕಾಗುತ್ತದೆ. ಅಕ್ಷರ ದೊಡ್ಡದು ಮಾಡಿ, ಜಾಗ ಬಿಡಿಸಿ. ಬಿಡಿಸಿದ ಮೇಲೆ ‘ಅಜ್ಜಿ’ ಪದ ಹುಡುಕಿ, ಒತ್ತು ‘ಜ’ದ ಕೆಳಗೇ ಇದೆಯಾ ನೋಡಿ. ಕೆಲವು ಆ್ಯಪುಗಳಲ್ಲಿ ಜಾಗ ಜಾಸ್ತಿ ಮಾಡಿದರೆ ಒತ್ತು ಕಿತ್ತು ಪಕ್ಕಕ್ಕೆ ಹೋಗುತ್ತದೆ. ಹಾಗಾದರೆ ಆ ಆ್ಯಪ್ ಬಿಟ್ಟುಬಿಡಿ.

ಅಲ್ಲೇ Read aloud ಇದೆ, ಕನ್ನಡ ದನಿಯೂ ಇದೆ. ಓದುತ್ತಿರುವ ಪದಕ್ಕೆ ಬಣ್ಣ ಬೀಳುತ್ತದೆ. ವೇಗ ಕಡಿಮೆ ಮಾಡಿ. ಆದರೆ ಅದರ ಒಳ್ಳೆಯ ದನಿಗೆ ನೆಟ್ ಬೇಕು. ಮಳೆಗಾಲಕ್ಕೆ ಆಂಡ್ರಾಯ್ಡ್ ಫೋನೇ ಗತಿ: ಸೆಟ್ಟಿಂಗ್ಸ್‌ನಲ್ಲಿ Text-to-speech ಅಂತ ಹುಡುಕಿ, ಗೂಗಲ್ ಎಂಜಿನ್ ಪಕ್ಕದ ಚಕ್ರ ಒತ್ತಿ, Install voice data ಒಳಗೆ ಕನ್ನಡ ಇಳಿಸಿಕೊಳ್ಳಿ. ಜೂನ್‌ಗೆ ಮೊದಲೇ ಮಾಡಿ. ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡ ಕತೆ ಪುಕ್ಕಟೆ ಸಿಗುತ್ತದೆ, ನಾಲ್ಕು ಮಟ್ಟಗಳಿವೆ. ಮೊದಲ ಎರಡು ಮಟ್ಟದಲ್ಲಿ ಹತ್ತು ಕತೆ ಇಳಿಸಿ ಪ್ರಿಂಟ್ ತೆಗೆಸಿಡಿ.

ಕಳೆದ ವರ್ಷ ನನ್ನ ಹತ್ತಿರ ಬಂದ ಹುಡುಗಿಯೂ ಮೂರನೇ ಕ್ಲಾಸು. ಅವಳ ತಾಯಿ ಮೊದಲ ತಿಂಗಳು ದಿನಾ ಅರ್ಧ ಗಂಟೆ ಯಂತ್ರದ ಓದು ಕೇಳಿಸಿದರು. ಕತೆ ಪೂರ್ತಿ ಬಾಯಿಪಾಠ ಆಯಿತು. ಬೆರಳು ಸಾಲಿನ ಮೇಲೆ, ಕಣ್ಣು ಕಿಟಕಿ ಮೇಲೆ. ಓದುತ್ತಿದ್ದಾಳೆ ಅಂತ ಮನೆಯವರೆಲ್ಲ ಖುಷಿಪಟ್ಟರು. ನಾನು ಪುಟದ ಮಧ್ಯದ ಒಂದು ಪದಕ್ಕೆ ಬೆರಳಿಟ್ಟು ಇದೇನು ಅಂದೆ. ಗೊತ್ತಿಲ್ಲ. ನೀವೂ ಎರಡು ದಿನಕ್ಕೊಮ್ಮೆ ಹೀಗೆ ನೋಡಿ.

ಆಮೇಲೆ ಕ್ರಮ ಬದಲಿಸಿದೆವು. ಓದುವ ಮೊದಲು ಆ ಪುಟದ ಆರು ಒತ್ತಕ್ಷರದ ಪದ ಚೀಟಿಯಲ್ಲಿ ಬರೆದು, ಬಾಯಲ್ಲಿ ಒಡೆದು ಹೇಳಿಸುವುದು. ನಂತರ ಒಂದು ಸಲ ಕೇಳುತ್ತಾ ಬೆರಳು ಓಡಿಸುವುದು. ಕೊನೆಗೆ ದನಿ ಬಂದ್ ಮಾಡಿ ಅವಳೇ ಓದುವುದು. ಎಲ್ಲ ಸೇರಿ ಹದಿನೈದು ನಿಮಿಷ. ಯಂತ್ರ ‘ಅಜ್… ಜಿ’ ಅಂತ ಒಡೆದು ಹೇಳುವುದಿಲ್ಲ, ಆದ್ದರಿಂದ ತಾಯಿಯೇ ನಿಧಾನವಾಗಿ ಓದಿ ರೆಕಾರ್ಡ್ ಮಾಡಿಟ್ಟರು. ಮೂರು ತಿಂಗಳಲ್ಲಿ ನಿಮಿಷಕ್ಕೆ 28 ಪದ ಇದ್ದದ್ದು 41 ಆಯಿತು, ತಪ್ಪು ಒಂಬತ್ತರಿಂದ ನಾಲ್ಕಕ್ಕೆ ಇಳಿಯಿತು. ಜೊತೆಯ ಮಕ್ಕಳಿಗಿಂತ ಇನ್ನೂ ನಿಧಾನವೇ.

ವಿಜ್ಞಾನ, ಪರಿಸರ ಪಾಠ ಮಾತ್ರ ಸುಮ್ನೆ ಕೇಳಿಸಿ. ಅಲ್ಲಿ ಓದು ಕಲಿಸಲು ಹೋಗಬೇಡಿ, ವಿಷಯ ತಲೆಗೆ ಹೋದರೆ ಸಾಕು.

ಕುಶಾಲನಗರದ ಶಿಕ್ಷಕಿ

ಇವನಿಗೆ ಡಿಸ್ಲೆಕ್ಸಿಯಾ ಅಂತ ಈಗಲೇ ಹೇಳಬಹುದಾ ಮೇಡಂ? ನನ್ನ ಕ್ಲಾಸಿನಲ್ಲಿ ಅರ್ಧ ಮಕ್ಕಳು ಒತ್ತಕ್ಷರ ತಪ್ಪುತ್ತಾರೆ. ಹೆಸರು ಅಂಟಿಸಿದರೆ ಮತ್ತೆ ಹೋಗಲ್ಲ.

ವಿಶೇಷ ಶಿಕ್ಷಕಿ

ಫೋನಲ್ಲಿ ನೋಡಿ ನಾನು ಹೇಳಲಾರೆ. ಕನ್ನಡದ ಅಕ್ಷರಗಳೆಲ್ಲ ಕೈಗೆ ಹತ್ತಲು ಸಾಮಾನ್ಯ ಮಕ್ಕಳಿಗೂ ನಾಲ್ಕನೇ ಕ್ಲಾಸಿನವರೆಗೆ ಬೇಕಾಗುತ್ತದೆ, ನೀವು ಹೇಳಿದ್ದು ಸರಿ. ಮೂರು ತಿಂಗಳು ಹೀಗೆ ಬಿಡಿಸಿ ಕಲಿಸಿದ ಮೇಲೂ ಅದೇ ತಪ್ಪು ಉಳಿದರೆ ಅನುಮಾನ ಗಟ್ಟಿಯಾಗುತ್ತದೆ. ಪರೀಕ್ಷೆಗೆ ನಮಗೆ ಹತ್ತಿರ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಕನ್ನಡದಲ್ಲೇ ಪರೀಕ್ಷಿಸಲು ಡಾಲಿ ಅನ್ನುವ ಪರೀಕ್ಷಾ ಸಾಮಗ್ರಿಯೂ ಇದೆ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷೆ ಮಾಡುತ್ತೇವೆ ಅಂದರೆ ಒಪ್ಪಬೇಡಿ.

ಹೆಸರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ. ಮುಂದೆ ಶಾಲೆಯ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಲು ಆ ನ್ಯೂನತೆಯ ಪ್ರಮಾಣಪತ್ರದ ಕಾಗದ ಬೇಕೇ ಬೇಕು.

ಕುಶಾಲನಗರದ ಶಿಕ್ಷಕಿ

ಹತ್ತನೇ ಕ್ಲಾಸಿಗೆ ಬೇಕಾದ ಕಾಗದ ಮೂರನೇ ಕ್ಲಾಸಿನಲ್ಲಿ ಯಾಕೆ? ಆ ಕಾಗದ ಬಂದ ಮೇಲೆ ಮಗುವನ್ನು ಕೊನೇ ಬೆಂಚಿಗೆ ಕೂರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾಪೋಕ್ಲು ಕಡೆಯ ತಾಯಿ

ಅವರಪ್ಪನೂ ಬೇಡ ಅನ್ನುತ್ತಿದ್ದಾರೆ, ನೋಡೋಣ. ಮೇಡಂ, ರೆಕಾರ್ಡಿಂಗ್ ನಾನು ಮಾಡಿದರೆ ಅವನು ಜಗಳ ಆಡುತ್ತಾನೆ. ಅವನ ತಾಯಿ ಓದಬಹುದಾ? ಅಂದ್ರೆ ಅಜ್ಜಿ, ನಮ್ಮಲ್ಲಿ ತಾಯಿ ಅಂತಲೇ ಕರೆಯೋದು. ಅವರ ಕನ್ನಡ ಸ್ವಲ್ಪ ಕೊಡವ ತಕ್ಕ್ ಥರ ಇರುತ್ತದೆ.

ವಿಶೇಷ ಶಿಕ್ಷಕಿ

ಧಾರಾಳವಾಗಿ ಓದಲಿ. ಒತ್ತು ನುಂಗದೆ ಹೇಳಿದರೆ ಸಾಕು. ಮೊದಲ ಚೀಟಿಗೆ ‘ಅಜ್ಜಿ’, ‘ಬೆಕ್ಕು’, ‘ಹಿಟ್ಟು’ ಥರದ ಒಂದೇ ಅಕ್ಷರದ ಒತ್ತು ಹಾಕಿ. ‘ಕುಸ್ತಿ’, ‘ಪುಸ್ತಕ’ ಎರಡು ವಾರ ಬಿಟ್ಟು. ‘ಸೂರ್ಯ’ ಎಲ್ಲಕ್ಕಿಂತ ಕೊನೆಗೆ.