ಚಿಕ್ಕಪ್ಪ, ಆ ಫಾರ್ವರ್ಡ್ ಅಪ್ಪ ಓದಿದ್ರು

ಚಿಕ್ಕಪ್ಪ: (ಫಾರ್ವರ್ಡ್ ಮಾಡಿದ್ದು) ಮುಳುಗುವುದು ವ್ಯಾಪಾರವಲ್ಲ, ವ್ಯಾಪಾರಿಯ ದುರಾಸೆ. ಹಾಸಿಗೆ ಇದ್ದಷ್ಟು ಕಾಲು ಚಾಚಿದವನು ಎಂದೂ ಬೀದಿಗೆ ಬರಲಾರ.

ಅತ್ತೆ: ನಿಜವಾದ ಮಾತು 🙏

ನಾನು: ಚಿಕ್ಕಪ್ಪ, ಅಪ್ಪನೂ ಈ ಗುಂಪಲ್ಲೇ ಇದಾರೆ. ಇದನ್ನ ಓದಿ ಫೋನ್ ಮಗುಚಿಟ್ಟು ರೂಮಿಗೆ ಹೋದೋರು ಇನ್ನೂ ಆಚೆ ಬಂದಿಲ್ಲ.

ಚಿಕ್ಕಪ್ಪ: ನಾನು ಯಾರ ಹೆಸರೂ ಹಾಕಿಲ್ವಲ್ಲಮ್ಮ, ಬಂದಿದ್ದನ್ನ ಕಳಿಸ್ದೆ ಅಷ್ಟೆ. ಆದ್ರೂ ಕೇಳ್ತೀನಿ, ಹೋದ ವರ್ಷ ಆರ್ಡರ್ ಡಬಲ್ ಆಗಿದೆ ಅಂತಿದ್ದ ಅಣ್ಣ ಈಗ ಪ್ರೆಸ್ಸಿಗೆ ಬೀಗ ಹಾಕಿದಾನೆ ಅಂದ್ರೆ ದುಡ್ಡು ಎಲ್ಲಿಗೆ ಹೋಯ್ತು ಅಂತ ನಾಲ್ಕು ಜನ ಕೇಳೇ ಕೇಳ್ತಾರೆ.

ನಾನು: ಕೇಳಿ, ಹೇಳ್ತೀನಿ. ಲೆಕ್ಕ ಎಲ್ಲಾ ಈಗ ನಾನೇ ನೋಡ್ತಿರೋದು. ಪೇಪರಿನವರಿಗೆ, ಸಂಬಳಕ್ಕೆ 30 ದಿನಕ್ಕೆ ದುಡ್ಡು ಕೊಡ್ಬೇಕು, ಪ್ರಿಂಟ್ ಮಾಡಿಸಿಕೊಂಡವರು ಕೊಡೋದು 90 ದಿನಕ್ಕೆ. ತಿಂಗಳಿಗೆ 100ರ ಕೆಲಸ ಮಾಡಿದ್ರೆ ಖರ್ಚು 85 ಅಂತಿಟ್ಕೊಳ್ಳಿ, ಎರಡು ತಿಂಗಳ ಖರ್ಚು ಅಂದ್ರೆ 170 ಯಾವಾಗ್ಲೂ ಆಚೆ ಸಿಕ್ಕಾಕ್ಕೊಂಡಿರುತ್ತೆ. ಆರ್ಡರ್ ಡಬಲ್ ಆದಾಗ ಅದು 340 ಆಯ್ತು, ಆ ಹೆಚ್ಚಿನ ದುಡ್ಡನ್ನ ಅಪ್ಪ ಓವರ್‌ಡ್ರಾಫ್ಟಿಂದ ತಂದ್ರು. ಆಮೇಲೆ ತಿಂಗಳ 200ರಲ್ಲಿ ಅರ್ಧ ಕೆಲಸ ಕೊಡ್ತಿದ್ದ ಒಂದೇ ಪಾರ್ಟಿ ಕೈ ಎತ್ತಿಬಿಡ್ತು, ಅವರ ಹತ್ರ ಮೂರು ತಿಂಗಳ ಬಾಕಿ, 300. ಡಬಲ್ ಆದ್ಮೇಲೂ ತಿಂಗಳ ಲಾಭ 30. ಹತ್ತು ತಿಂಗಳು ದುಡಿದಿದ್ದು ಒಂದೇ ಏಟಿಗೆ ಹೋಯ್ತು. ಒಬ್ಬರನ್ನೇ ಅಷ್ಟು ನಂಬಿದ್ದು ತಪ್ಪು, ಒಪ್ಕೋತೀನಿ. ಆದ್ರೆ ದುರಾಸೆ ಅನ್ಬೇಡಿ, ಕೊನೇ ವರ್ಷ ಅಪ್ಪ ಮನೆಗೆ ಅಂತ ಒಂದು ಪೈಸೆ ತಗೊಂಡಿಲ್ಲ.

ಅತ್ತೆ: ಇಷ್ಟೆಲ್ಲಾ ಆಗ್ತಿದ್ರೆ ಒಡಹುಟ್ಟಿದವರಿಗೆ ಒಂದು ಮಾತು ಹೇಳ್ಬಾರದಿತ್ತಾ ಪುಟ್ಟಿ?

ನಾನು: ಅದೇ ಅತ್ತೆ ನನಗೆ ತಡ್ಕೊಳಕ್ಕಾಗದೇ ಇರೋದು. ಆ ಪಾರ್ಟಿ ಕೊಡಲ್ಲ ಅಂತ ಗೊತ್ತಾದ ತಿಂಗಳೇ ನಿಲ್ಲಿಸಿದ್ರೆ ಮಷೀನ್ ಮಾರಿ ಹೆಚ್ಚುಕಮ್ಮಿ ಎಲ್ಲರ ಬಾಕಿ ತೀರ್ತಿತ್ತು, ಆದ್ರೆ ತಾತ ಶುರು ಮಾಡಿದ್ದನ್ನ ನಾನು ಮುಚ್ಚಿದೆ ಅಂತಾರಲ್ಲಾ ಅಂತ ಎಂಟು ತಿಂಗಳು ಎಳೆದ್ರು, ಮನೇಲಿ ನಮಗೂ ಹೇಳ್ದೆ, ಆ ಎಂಟು ತಿಂಗಳ ಸಂಬಳ ಬಡ್ಡಿ ಎಲ್ಲಾ ಹೊಸ ಸಾಲದಲ್ಲೇ. ಈಗಿರೋ ಬಾಕೀಲಿ ಅರ್ಧಕ್ಕರ್ಧ ಆ ಎಂಟು ತಿಂಗಳದ್ದೇ. ನೀವೆಲ್ಲಾ ಏನಂತೀರೋ ಅನ್ನೋ ಭಯಕ್ಕೆ.

ಚಿಕ್ಕಪ್ಪ: ನಾನು ಕೊಟ್ಟ ಕೈಸಾಲ ಆ ಎಂಟು ತಿಂಗಳಲ್ಲೇ. ವ್ಯಾಪಾರ ಚೆನ್ನಾಗಿದೆ ಅಂತ ಹೇಳೇ ಇಸ್ಕೊಂಡಿದ್ದು. ನನಗೂ ಹೊಟ್ಟೆ ಉರಿಯುತ್ತಮ್ಮ, ದುಡ್ಡಿಗಿಂತ ಆ ಸುಳ್ಳಿಗೆ.

ನಾನು: ನಿಮ್ಮ ಕೋಪ ನ್ಯಾಯ ಚಿಕ್ಕಪ್ಪ, ಅದನ್ನ ಅಪ್ಪನ ಮುಖಕ್ಕೇ ಹೇಳಿ. ದುಡ್ಡು ಕೊಡ್ಬೇಕಾದವರ ಲಿಸ್ಟ್‌ನಲ್ಲಿ ನಿಮ್ಮ ಹೆಸರಿದೆ. ಮಷೀನ್ ಬ್ಯಾಂಕಿಗೆ ಅಡ ಇದೆ, ಅದರ ದುಡ್ಡು ಮೊದಲು ಅವರಿಗೆ. ಮಿಕ್ಕಿದ್ದರಲ್ಲಿ ಕೆಲಸದವರ ಬಾಕಿ, ಆಮೇಲೆ ಪೇಪರಿನವರಿಗೂ ನಿಮಗೂ ಒಂದೇ ಅನುಪಾತ. ಸಂಬಂಧಿಕರು ಅಂತ ನಿಮಗೆ ಮುಂಚೆ ಕೊಡಕ್ಕಾಗಲ್ಲ, ಪೂರ್ತಿ ಬರೋದೂ ಇಲ್ಲ. ಇದನ್ನ ಹೇಳಕ್ಕೆ ನನಗೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತಿದೀನಿ.

ಅಕ್ಕ: ಚಿಕ್ಕಪ್ಪ ನಾನೊಂದು ಹೇಳ್ಲಾ. ಡೀನ್ ಶೆಪರ್ಡ್ ಅಂತ ಒಬ್ಬ ಪ್ರೊಫೆಸರ್ 2003ರಲ್ಲಿ ಇದರ ಬಗ್ಗೆನೇ ಬರೆದಿದಾರೆ, ಸ್ವಂತ ವ್ಯಾಪಾರ ಹೋದಾಗ ಆಗೋದು ಸಾವಿನ ದುಃಖದ ಥರದ್ದೇ ಅಂತ. ಸ್ವಲ್ಪ ಹೊತ್ತು ಆಗಿದ್ದನ್ನ ನೆನೆಸ್ಕೊಂಡು ಅಳ್ಬೇಕು, ಸ್ವಲ್ಪ ಹೊತ್ತು ಅದನ್ನ ಬಿಟ್ಟು ಬೇರೆ ಕೆಲಸ ನೋಡ್ಬೇಕು, ಹೀಗೆ ಆ ಕಡೆ ಈ ಕಡೆ ಓಡಾಡ್ತಾನೇ ಅದು ಕಮ್ಮಿ ಆಗೋದಂತೆ. ನಾವು ಒಬ್ಬರು ಫೋನ್ ಮಾಡಿ ಹೇಗಾಯ್ತು ಅಂತೀವಿ, ಇನ್ನೊಬ್ಬರು ಮುಂದೇನು ಅಂತೀವಿ, ದೊಡ್ಡೋರು ಅಳಕ್ಕೂ ಆಗ್ದೆ ಮರೆಯಕ್ಕೂ ಆಗ್ದೆ ಕೂತಿದಾರೆ.

ನಾನು: ಹೌದು ಅಕ್ಕ. ಬೆಳಿಗ್ಗೆ ಐದೂವರೆಗೆ ಏಳ್ತಾರೆ, ಶರ್ಟ್ ಹಾಕ್ಕೊಂಡು ಎಡಗಡೆ ಜೇಬು ತಟ್ಟಿ ನೋಡ್ತಾರೆ. ಪ್ರೆಸ್ಸಿನ ಕೀ ಅಲ್ಲೇ ಇರ್ತಿತ್ತಲ್ಲ. ಬ್ಯಾಂಕಿನವರಿಗೆ ಕೊಟ್ಟು ಎರಡು ತಿಂಗಳಾಯ್ತು, ಇವತ್ತೂ ತಟ್ಟಿದ್ರು. ಸಾವಾಗಿದ್ರೆ ನೀವೆಲ್ಲಾ ಬಂದು ಕೂತಿರ್ತಿದ್ರಿ, ಇದಕ್ಕೆ ಯಾರೂ ಬರ್ಲಿಲ್ಲ.

ಅತ್ತೆ: ನಾನು ಏನ್ ಮಾತಾಡ್ಲಿ ಅಂತ ಗೊತ್ತಾಗ್ದೆ ಸುಮ್ನಿದ್ದೆ ಕಂದ. ಅದ್ಕೆ 🙏 ಹಾಕಿದ್ದೂ ತಪ್ಪಾಯ್ತು.

ನಾನು: ಮೊದಲ ಮಷೀನ್ ಬಂದಿದ್ದು ಹೇಗೆ ಅಂತ ಕೇಳಿ ಅತ್ತೆ. ಅದನ್ನ ಹೇಳಕ್ಕೆ ಅವರಿಗೆ ಇಷ್ಟ.

ಚಿಕ್ಕಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಚಿಕ್ಕಪ್ಪ: ಆ ಮಷೀನ್ ಇಳಿಸುವಾಗ ಹಗ್ಗದ ಇನ್ನೊಂದು ತುದಿ ಹಿಡ್ಕೊಂಡಿದ್ದೋನು ನಾನೇ. ಸಂಜೆ ಬರ್ತೀನಿ. ಸಾಲದ ಮಾತೂ ಆಡ್ತೀನಿ, ಆದ್ರೆ ಇವತ್ತಲ್ಲ. ಅಣ್ಣ ಎದ್ದಿದಾನಾ ನೋಡು.