ಅಫಿಡವಿಟ್ ಭಾಷಾಂತರ ಎರಡು ಸಲ ವಾಪಸ್ ಬಂದಿದೆ: ತಪ್ಪು ಎಲ್ಲಿ?

ತುಂಗೆಯ ದಡ:
ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಗಡಿ ವ್ಯಾಜ್ಯವೊಂದರ ಇಂಗ್ಲಿಷ್ ಅಫಿಡವಿಟ್ಟನ್ನು ಕನ್ನಡಕ್ಕೆ ಮಾಡಿಕೊಟ್ಟಿದ್ದೆ. "ಪ್ರಮಾಣಕರ್ತರು ಹೇಳುವುದೇನೆಂದರೆ" ಎಂದು ಬರೆದದ್ದಕ್ಕೆ ವಕೀಲರು ಮೊದಲ ಸಲ ವಾಪಸ್ ಕಳಿಸಿದರು. ಎಲ್ಲ ಕಡೆ "ನಾನು" ಎಂದು ತಿದ್ದಿದ ಮೇಲೂ "ಸಾಕ್ಷಿ ಹೇಳದ್ದನ್ನು ಹೇಳಿಸಿದ್ದೀರಿ" ಎಂಬ ಒಂದು ಸಾಲಿನ ಷರಾದೊಂದಿಗೆ ಮತ್ತೆ ಬಂದಿದೆ. 6ನೇ ಪ್ಯಾರಾ ಹೀಗಿದೆ: "ಬೇಲಿಯ ಬಳಿ 2ನೇ ಪ್ರತಿವಾದಿಯನ್ನು ನೋಡಿದೆನು. ಆ ರಾತ್ರಿ ಬಾಂದುಕಲ್ಲು ಸರಿಸಿದರಂತೆ. ಗೇಟು ತೆರೆದಿತ್ತೋ ಇಲ್ಲವೋ ಗೊತ್ತಿಲ್ಲ." ಇದರಲ್ಲಿ ತಪ್ಪೇನು?

ಸಾಗರದವನು:
"ಅಂತೆ"ಯನ್ನು ತೆಗೆದುಬಿಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಆದೇಶದ 3ನೇ ನಿಯಮದಂತೆ ಅಫಿಡವಿಟ್‌ನಲ್ಲಿ ಸ್ವಂತ ತಿಳಿವಳಿಕೆಯ ಸಂಗತಿಗಳು ಮಾತ್ರ ಇರಬೇಕು.

ಹಳೆಯ ಶಿರಸ್ತೇದಾರ:
ಆ ನಿಯಮವನ್ನು ನೀವು ಅರ್ಧ ಹೇಳಿದ್ದೀರಿ. ಮಧ್ಯಂತರ ಅರ್ಜಿಯಲ್ಲಾದರೆ, ಆಧಾರವನ್ನು ತಿಳಿಸಿದ್ದಲ್ಲಿ, ನಂಬಿಕೆಯ ಮಾತಿಗೂ ಅವಕಾಶವುಂಟು. ಅಲ್ಲದೆ ಆ ನಿಯಮ ಅಫಿಡವಿಟ್ ಮಾಡುವವರಿಗೆ. ಪ್ರಮಾಣ ಮಾಡಿ ಮುಗಿದ ಮಾತನ್ನು ಸೋಸುವ ಅಧಿಕಾರ ಭಾಷಾಂತರಕಾರರಿಗಿಲ್ಲ. ಅಮ್ಮಾ, ಮೂಲದಲ್ಲಿ ಏನಿದೆಯೆಂದು ನೀವು ಬರೆಯಲೇ ಇಲ್ಲವಲ್ಲ?

ಭದ್ರಾವತಿ ರೈತ:
ನಾನು ಪಹಣಿಯಲ್ಲಿ ಹೆಸರು ತಿದ್ದಿಸಲು ಅಫಿಡವಿಟ್ ಮಾಡಿಸಿದಾಗ ಯಾವ ತಕರಾರೂ ಬರಲಿಲ್ಲ. ಛಾಪಾ ಕಾಗದವನ್ನೊಮ್ಮೆ ಪರಿಶೀಲಿಸಿ.

ತುಂಗೆಯ ದಡ:
ಛಾಪಾ ಕಾಗದದ ಪ್ರಶ್ನೆಯೇ ಇಲ್ಲಿಲ್ಲ. ಮೂಲದಲ್ಲಿ "ಅಪಿಯರ್ಡ್ ಟು ಬಿ", "ಐ ಅಂಡರ್‌ಸ್ಟ್ಯಾಂಡ್ ದಟ್", "ಐ ಡು ನಾಟ್ ರಿಕಾಲ್" ಎಂದಿದೆ. ಕಲ್ಲನ್ನು ಯಾರು ಸರಿಸಿದರೆಂದು ಅಲ್ಲಿಲ್ಲ.

ಹಳೆಯ ಶಿರಸ್ತೇದಾರ:
ಹಾಗಾದರೆ ಮೂರು ವಾಕ್ಯವೂ ಜಾರಿವೆ. ನಿಮ್ಮ "ನೋಡಿದೆನು" ಗುರುತನ್ನು ಖಚಿತಗೊಳಿಸಿದೆ. ಪಾಟೀಸವಾಲಿನಲ್ಲಿ ಎದುರು ವಕೀಲರು ಹಿಡಿಯುವುದು ಅದನ್ನೇ. "ಹೋಲುವ ವ್ಯಕ್ತಿ" ಎಂದರೂ ಸಲ್ಲದು, ಬೇರೆ ಯಾರೋ ಎಂಬ ಧ್ವನಿ ಬರುತ್ತದೆ. "2ನೇ ಪ್ರತಿವಾದಿ ಎಂದು ನನಗೆ ತೋರಿದ ಒಬ್ಬ ವ್ಯಕ್ತಿಯನ್ನು ಕಂಡೆನು" ಎನ್ನಿ. "ಸರಿಸಿದರಂತೆ" ಎಂಬುದು ಮೂಲದಲ್ಲಿಲ್ಲದ ಕರ್ತೃವನ್ನು ತಂದಿತು, ಜೊತೆಗೆ ಊರ ಸುದ್ದಿಯ ಧಾಟಿಯನ್ನೂ. "ತಿಳಿದುಬಂದಿದೆ" ಎಂದರೆ "ನಾನು" ಕಾಣೆಯಾಗುತ್ತದೆ. "ಆ ರಾತ್ರಿ ಕಲ್ಲುಗಳನ್ನು ಸರಿಸಲಾಯಿತೆಂದು ನಾನು ತಿಳಿದುಕೊಂಡಿದ್ದೇನೆ" ಎಂಬುದು ಸಮೀಪ. ಕೊನೆಯದು "ನೆನಪಿಲ್ಲ", ಗೊತ್ತಿಲ್ಲದಿರುವುದು ಬೇರೆ, ಗೊತ್ತಿದ್ದು ಮರೆತಿರುವುದು ಬೇರೆ.

ತಾಳೆ ನೋಡಲು ಕೊನೆಯ ದೃಢೀಕರಣದ ಸಾಲನ್ನು ಓದಿ. ಯಾವ ಪ್ಯಾರಾ ಸ್ವಂತ ಅರಿವಿನದು, ಯಾವುದು ಮಾಹಿತಿಯಿಂದ ಬಂದದ್ದು ಎಂದು ಅಲ್ಲಿ ಬೇರ್ಪಡಿಸಿದ್ದರೆ, ನಿಮ್ಮ ಕ್ರಿಯಾಪದಗಳು ಅದಕ್ಕೆ ಎದುರಾಡಬಾರದು.

ಸಾಗರದವನು:
"ತಿಳಿದುಕೊಂಡಿದ್ದೇನೆ" ಎಂದರೆ ತಾನೇ ಹೋಗಿ ವಿಚಾರಿಸಿದಂತೆ ಕೇಳುವುದಿಲ್ಲವೇ? "ಎಂದು ನನ್ನ ತಿಳಿವಳಿಕೆ" ಎಂದರಾಗದೇ?

ಹಳೆಯ ಶಿರಸ್ತೇದಾರ:
ಆಕ್ಷೇಪ ಸರಿಯಿದೆ, ಆದರೆ "ತಿಳಿವಳಿಕೆ" ಎಂದರೆ ಸ್ವಂತ ಅರಿವಿನ ಪ್ಯಾರಾದೊಂದಿಗೆ ಬೆರೆತುಹೋಗುತ್ತದೆ. ಇದಕ್ಕೆ ನನ್ನಲ್ಲಿಯೂ ಪೂರ್ತಿ ಒಪ್ಪುವ ಪದವಿಲ್ಲ.

ತುಂಗೆಯ ದಡ:
ದೃಢೀಕರಣದಲ್ಲಿ 6ನೇ ಪ್ಯಾರಾವನ್ನು ಇಡಿಯಾಗಿ ಸ್ವಂತ ಅರಿವಿನದೆಂದೇ ಬರೆದಿದ್ದಾರೆ ಸರ್. ಕಲ್ಲಿನ ವಾಕ್ಯವೂ ಅದರೊಳಗೇ ಇದೆ. ಈಗ?

ಹಳೆಯ ಶಿರಸ್ತೇದಾರ:
ಅದು ಮೂಲದ ದೋಷ, ಇದ್ದಂತೆಯೇ ಇರಲಿ. ಭಾಷಾಂತರದಲ್ಲಿ ಸರಿಪಡಿಸದೆ, ವಕೀಲರಿಗೆ ಬೇರೆ ಚೀಟಿಯಲ್ಲಿ ಬರೆದು ತಿಳಿಸಿ.