ΔG° ಇಂದ K ಸರಿ ಬರುತ್ತೆ, ಆದರೆ ಉತ್ತರ ಪುಸ್ತಕಕ್ಕೆ ತಾಳೆ ಆಗ್ತಿಲ್ಲ (N2O4 ⇌ 2NO2)

ಕೊಡೆಮಳೆ (ಶಿವಮೊಗ್ಗ)

ನಮಸ್ಕಾರ. ಬೆಳಿಗ್ಗೆಯಿಂದ ತಲೆ ಕೆಟ್ಟು ಹೋಗಿದೆ. N2O4 ಒಡೆದು 2NO2 ಆಗುವ ಲೆಕ್ಕ, 25 ಡಿಗ್ರಿ, 1 ಬಾರ್. ಎಷ್ಟು ಭಾಗ ಒಡೆದಿದೆ ಅಂತ ಕಂಡುಹಿಡಿಯಬೇಕು. ನನಗೆ 0.175 ಬರುತ್ತೆ. ಪುಸ್ತಕದ ಕೊನೆಯಲ್ಲಿ 0.19 ಅಂತ ಇದೆ. ಎಷ್ಟು ಸಲ ಮಾಡಿದರೂ ಅದೇ 0.175. ಪುಸ್ತಕ ತಪ್ಪಾ, ನಾನು ತಪ್ಪಾ? ನಾಡಿದ್ದು ಇಂಟರ್ನಲ್ಸ್ ಇದೆ, ಯಾರಾದ್ರೂ ಬೇಗ ಹೇಳಿ.

ತುಂಗಾತೀರ

ಇದು ನೂರಕ್ಕೆ ನೂರು ಕಿಲೋಜೂಲ್-ಜೂಲ್ ಗಲಾಟೆ. ΔG° ಕಿಲೋಜೂಲ್‌ನಲ್ಲಿ ಇರುತ್ತೆ, R 8.314 ಜೂಲ್‌ನಲ್ಲಿ ಇರುತ್ತೆ. ಸಾವಿರದಿಂದ ಗುಣಿಸೋದು ಬಿಟ್ಟಿರ್ತೀರಿ. ನಾನು ಟ್ಯೂಷನ್ ಮಾಡೋ ಹುಡುಗರಲ್ಲಿ ಅರ್ಧ ಜನಕ್ಕೆ ಇದೇ ಕಾಯಿಲೆ.

ಕೊಡೆಮಳೆ

ಇಲ್ಲ ಸರ್, ಗುಣಿಸಿದ್ದೇನೆ.

ತುಂಗಾತೀರ

ಇನ್ನೊಂದು ಸಲ ನೋಡಿ. ಎಲ್ಲರೂ ಹಾಗೇ ಹೇಳ್ತಾರೆ.

ಘಾಟಿರೋಡ್ (ಆಗುಂಬೆ)

ಒಂದು ಅನುಮಾನ. ΔG° ಪಾಸಿಟಿವ್ ಇದೆ ಅಲ್ವಾ? ಹಾಗಿದ್ರೆ ಈ ಕ್ರಿಯೆ ನಡೆಯೋದೇ ಇಲ್ಲ. 0.175 ಎಲ್ಲಿಂದ ಬಂತು, 0.19 ಎಲ್ಲಿಂದ ಬಂತು?

ಹಳೇ ಮೇಷ್ಟ್ರು

ಘಾಟಿರೋಡ್, ಪಾಸಿಟಿವ್ ಅಂದರೆ ನಡೆಯೋದೇ ಇಲ್ಲ ಅಂತಲ್ಲ. N2O4, NO2 ಎರಡೂ ತಲಾ 1 ಬಾರ್ ಇರುವ ಕಡೆಯಿಂದ ಹೊರಟರೆ ಯಾವ ಕಡೆ ವಾಲುತ್ತೆ ಅಂತ ಮಾತ್ರ ΔG° ಹೇಳುತ್ತೆ. ಇಲ್ಲಿ ಹಿಂದಕ್ಕೆ, N2O4 ಕಡೆಗೆ ವಾಲುತ್ತೆ. ಆದರೆ ಶುದ್ಧ N2O4 ತುಂಬಿಟ್ಟರೆ ಅದರಲ್ಲಿ NO2 ಒಂದು ಚೂರೂ ಇಲ್ಲ. ಆಗ ಸ್ವಲ್ಪವಾದರೂ ಒಡೆಯಲೇಬೇಕು. ಎಲ್ಲಿಗೆ ನಿಲ್ಲುತ್ತೆ ಅನ್ನೋದನ್ನು K ಹೇಳುತ್ತೆ.

ಕೊಡೆಮಳೆ, ತಮ್ಮಾ, ಉತ್ತರ ಮಾತ್ರ ಹಾಕಿದರೆ ನಾವು ಕಣಿ ಹೇಳಬೇಕಾಗುತ್ತೆ. ಲೆಕ್ಕ ಹಾಕು. ಯಾವ ಅಂಕಿ ತಗೊಂಡೆ, ಯಾವ ಸಮೀಕರಣ ಬಿಡಿಸಿದೆ?

ಕೊಡೆಮಳೆ

ಅದು ಎಲ್ಲರಿಗೂ ಗೊತ್ತಿರೋದೇ ಅಂತ ಹಾಕಲಿಲ್ಲ ಸರ್. ಪುಸ್ತಕದ ಹಿಂದಿನ ಕೋಷ್ಟಕದಲ್ಲಿ NO2 ಗೆ 51.31, N2O4 ಗೆ 97.89 ಕಿಲೋಜೂಲ್ ಇದೆ. ΔG° = 2 × 51.31 − 97.89 = 4.73. ಆಮೇಲೆ ಇದು:

```
import math
K = math.exp(-4730/(8.314*298.15))
a = (-K + math.sqrt(K*K + 16*K))/8
print(K, a)
```

K 0.148 ಬರುತ್ತೆ, a 0.175 ಬರುತ್ತೆ.

ತುಂಗಾತೀರ

ಸರಿ, 4730 ಹಾಕಿದ್ದೀರಿ. ಆದರೂ ಒತ್ತಡದ ಯೂನಿಟ್ ನೋಡಿ. 1 ಬಾರ್ ಅಂದರೆ 100 ಕಿಲೋಪಾಸ್ಕಲ್. ಅಲ್ಲೇ ಎಡವಟ್ಟಾಗಿರಬಹುದು.

ಹಳೇ ಮೇಷ್ಟ್ರು

ತುಂಗಾತೀರ, ನೀವು ಹೇಳೋ ತಪ್ಪುಗಳು ನಿಜವಾದ ತಪ್ಪುಗಳೇ. ಆದರೆ ಅವು ಬೇರೆ ಗುರುತು ಬಿಟ್ಟು ಹೋಗ್ತವೆ. ಸಾವಿರ ಬಿಟ್ಟಿದ್ದರೆ K ಹೆಚ್ಚುಕಮ್ಮಿ 1 ಆಗಿ, ಈ ಹುಡುಗನ ಸೂತ್ರದಲ್ಲಿ 0.39 ಬರುತ್ತಿತ್ತು. ಒತ್ತಡದ ಜಾಗದಲ್ಲಿ 100 ಹಾಕಿದ್ದರೆ ಉತ್ತರ 0.019 ಹತ್ತಿರ, ಅಂದರೆ ಹತ್ತು ಪಟ್ಟು ಕಮ್ಮಿ ಬರುತ್ತಿತ್ತು. ಯೂನಿಟ್ ತಪ್ಪಾದರೆ ಉತ್ತರ ಊರು ಬಿಟ್ಟು ಓಡುತ್ತೆ. ಇಲ್ಲಿ ವ್ಯತ್ಯಾಸ ಪಕ್ಕದ ಮನೆಯಷ್ಟೇ ದೂರ.

ತುಂಗಾತೀರ

ಹಾಗಾದರೆ ಕೋಷ್ಟಕದ ವ್ಯತ್ಯಾಸ. ಬೇರೆ ಬೇರೆ ಪುಸ್ತಕದಲ್ಲಿ N2O4 ಗೆ ಬೇರೆ ಬೇರೆ ಅಂಕಿ ಕೊಡ್ತಾರೆ. ಇದಂತೂ ಗ್ಯಾರಂಟಿ.

ಹಳೇ ಮೇಷ್ಟ್ರು

ಇದು ಒಳ್ಳೆ ಮಾತು. K ಘಾತದ ಮೇಲೆ ಕೂತಿರುವುದರಿಂದ ΔG° ನಲ್ಲಿ 0.1 ಕಿಲೋಜೂಲ್ ಆಚೀಚೆ ಆದರೂ 25 ಡಿಗ್ರಿಯಲ್ಲಿ K ಶೇಕಡಾ 4ರಷ್ಟು ಅಲುಗಾಡುತ್ತೆ. ಆದರೆ 0.175 ಅನ್ನು 0.189ಕ್ಕೆ ಎಳೆಯಬೇಕಾದರೆ 0.4 ಕಿಲೋಜೂಲ್‌ಗಿಂತ ಜಾಸ್ತಿ ಬೇಕು. ಅದೂ ಅಲ್ಲದೆ ಅವನು ಅದೇ ಪುಸ್ತಕದ ಕೋಷ್ಟಕವನ್ನೇ ಬಳಸಿದ್ದಾನೆ.

ಕೋಡ್‌ನ ಮೂರನೇ ಸಾಲು ನೋಡಿ. ಆ 16*K ಮತ್ತು ಭಾಗಿಸುವ 8 ಎಲ್ಲಿಂದ ಬಂದವು? 4a² + Ka − K = 0 ಇಂದ. ಅಂದರೆ ಅವನು ಬರೆದಿರೋದು K = 4a²/(1−a). N2O4 1 ಬಾರ್ ಇಂದ ಶುರು, a ಅಷ್ಟು ಒಡೆದು 1−a ಉಳಿಯಿತು, NO2 2a ಆಯಿತು. ಹೀಗೆ ಒತ್ತಡಗಳನ್ನೇ ನೇರ ಕಳೆದು ಕೂಡಿಸುವುದು ಪಾತ್ರೆಯ ಗಾತ್ರ ಬದಲಾಗದಿದ್ದಾಗ ಮಾತ್ರ ಸರಿ.

ತಮ್ಮಾ, ಈಗ ಹೇಳು. ಪ್ರಶ್ನೆಯಲ್ಲಿ 1 ಬಾರ್ ಅಂದರೆ ಶುರುವಿನದಾ, ಸಮತೋಲನಕ್ಕೆ ಬಂದ ಮೇಲಿನ ಒಟ್ಟು ಒತ್ತಡವಾ?

ಕೊಡೆಮಳೆ

"25 ಡಿಗ್ರಿ, 1 ಬಾರ್ ಒತ್ತಡದಲ್ಲಿ" ಅಂತ ಅಷ್ಟೇ ಇದೆ ಸರ್. ನಾನು ಮುಚ್ಚಿದ ಫ್ಲಾಸ್ಕ್ ಅಂದುಕೊಂಡೆ. ಲ್ಯಾಬಲ್ಲಿ ತೋರಿಸಿದ್ದು ಮುಚ್ಚಿದ ಗಾಜಿನ ಬುರುಡೆಯಲ್ಲೇ.

ಹಳೇ ಮೇಷ್ಟ್ರು

ಅಲ್ಲೇ ಇರೋದು. ಪುಸ್ತಕದವರು ಒಟ್ಟು ಒತ್ತಡ 1 ಬಾರ್‌ನಲ್ಲೇ ನಿಂತಿದೆ ಅಂದುಕೊಂಡಿದ್ದಾರೆ. ಪಿಸ್ಟನ್ ಇರುವ ಪಾತ್ರೆ ಅಂತಿಟ್ಟುಕೋ. 1 ಮೋಲ್ N2O4 ಒಡೆದರೆ ಒಟ್ಟು 1+a ಮೋಲ್ ಆಗುತ್ತೆ, ಪಿಸ್ಟನ್ ಮೇಲೆ ಹೋಗುತ್ತೆ, ಒತ್ತಡ ಹಾಗೇ ಇರುತ್ತೆ. ಈಗ NO2 ಪಾಲು 2a/(1+a), N2O4 ಪಾಲು (1−a)/(1+a). ಈ ಪಾಲುಗಳನ್ನು ಒಟ್ಟು ಒತ್ತಡ P ಇಂದ ಗುಣಿಸಿ K ಗೆ ಹಾಕಿದರೆ

K = 4a²P/(1−a²)

ಬರುತ್ತೆ. ಬಿಡಿಸಿದರೆ a = √(K/(K+4P)). P 1 ಆದಾಗ √(0.148/4.148), ಅಂದರೆ 0.189. ಮಿಶ್ರಣದಲ್ಲಿ NO2 ಶೇಕಡಾ 32, N2O4 ಶೇಕಡಾ 68. ಪುಸ್ತಕದ 0.19 ಇದೇ.

ನಿನ್ನ ಉತ್ತರವೂ ಸುಳ್ಳಲ್ಲ. ನಿನ್ನ ಫ್ಲಾಸ್ಕಲ್ಲಿ NO2 0.35 ಬಾರ್, N2O4 0.825 ಬಾರ್. ಮೊದಲನೆಯದನ್ನು ವರ್ಗ ಮಾಡಿ ಎರಡನೆಯದರಿಂದ ಭಾಗಿಸಿದರೆ 0.148. ಪುಸ್ತಕದ ಅಂಕಿಯಿಂದ ಮಾಡಿದರೂ 0.148. K ಒಂದೇ, ಮಿಶ್ರಣ ಎರಡು. ಹಾಗಾಗಿ "K ಗೆ ವಾಪಸ್ ಹಾಕಿ ನೋಡಿದೆ, ಸರಿ ಇದೆ" ಅಂತ ಸುಮ್ನೆ ಕೂತರೆ ಈ ಎಡವಟ್ಟು ಸಿಗೋದಿಲ್ಲ. ಒಟ್ಟು ಒತ್ತಡವನ್ನೂ ಕೂಡಿಸಿ ನೋಡಬೇಕು. ನಿನ್ನದು 1.175 ಬಾರ್, 1 ಅಲ್ಲ.

ಕೊಡೆಮಳೆ

ಹಾಗಾದರೆ ಆ ಸೂತ್ರದಲ್ಲಿ P ಜಾಗಕ್ಕೆ 1.175 ಹಾಕಿದರೆ?

...ಹಾಕಿದೆ. 0.175 ಬಂತು! ನನ್ನದೇ ಉತ್ತರ.

ಹಳೇ ಮೇಷ್ಟ್ರು

ಬರಲೇಬೇಕು. ಒತ್ತಡ ಜಾಸ್ತಿಯಾದರೆ ಒಡೆಯೋದು ಕಮ್ಮಿ. ಫ್ಲಾಸ್ಕಲ್ಲಿ ಒಡೆದಂತೆಲ್ಲ ಒತ್ತಡ ತಾನೇ ಏರುತ್ತೆ, ಅದೇ ಒತ್ತಡ ಒಡೆಯೋದನ್ನು ತಡೆಯುತ್ತೆ.

ಘಾಟಿರೋಡ್

ಮೇಷ್ಟ್ರೇ, ಹಾಗಾದರೆ ಇನ್ನೊಂದು ತಕರಾರು. ನಮ್ಮ ಆಗುಂಬೆ ಸಮುದ್ರಮಟ್ಟದಿಂದ ಆರುನೂರು ಮೀಟರ್‌ಗಿಂತ ಮೇಲಿದೆ. ಇಲ್ಲಿ ಗಾಳಿ ಒತ್ತಡ 1 ಬಾರ್ ಇಲ್ಲ, 0.94 ಆಸುಪಾಸು. ಪಿಸ್ಟನ್ ಪಾತ್ರೆ ಇಲ್ಲಿಟ್ಟರೆ K ಬೇರೆ ಆಗಬೇಕಲ್ಲ?

ತುಂಗಾತೀರ

ಆಗುತ್ತೆ ಮತ್ತೆ. ಒತ್ತಡ ಬದಲಾದರೆ ΔG ಬದಲಾಗುತ್ತೆ, ΔG ಬದಲಾದರೆ K ಬದಲಾಗುತ್ತೆ. ಸಿಂಪಲ್.

ಹಳೇ ಮೇಷ್ಟ್ರು

ಅಯ್ಯೋ ಮಾರಾಯ್ರೆ. ΔG ಬದಲಾಗುತ್ತೆ, ಸರಿ. ತಲೆ ಮೇಲೆ ಸೊನ್ನೆ ಇರೋ ΔG° ಬದಲಾಗೋಲ್ಲ. ಅದು ಪ್ರತಿ ಅನಿಲವೂ 1 ಬಾರ್‌ನಲ್ಲಿದೆ ಅಂತ ಒಪ್ಪಿಕೊಂಡು ಮಾಡಿದ ಲೆಕ್ಕ. ಆಗುಂಬೆಯಲ್ಲಿ ಕೂತರೂ ಅದೇ 1 ಬಾರ್, ಮಂಗಳೂರಲ್ಲಿ ಕೂತರೂ ಅದೇ. ಉಷ್ಣತೆ 25 ಡಿಗ್ರಿ ಇರುವ ತನಕ K 0.148. ಆಗುಂಬೆಯಲ್ಲಿ ಬದಲಾಗೋದು P ಮಾತ್ರ. 0.94 ಹಾಕಿದರೆ a 0.195 ಬರುತ್ತೆ. ಘಟ್ಟ ಹತ್ತಿದ್ದಕ್ಕೆ ಸ್ವಲ್ಪ ಜಾಸ್ತಿ ಒಡೆಯಿತು, ಅಷ್ಟೇ.

ತುಂಗಾತೀರ

ಒಡೆಯೋದು ಬದಲಾದರೆ K ಬದಲಾದ ಹಾಗೇ ಅಲ್ವಾ? ನಾನು ಒಪ್ಪಲ್ಲ. ನಾಳೆ ಪುಸ್ತಕ ನೋಡಿ ಬರೀತೀನಿ.

ಅಡಿಕೆಚಪ್ಪರ (ತೀರ್ಥಹಳ್ಳಿ ಕಡೆ)

ಇಷ್ಟೆಲ್ಲ ಲೆಕ್ಕ ಯಾಕೆ, ನೋಡಿಯೇ ಬಿಡಬಹುದು. ನನ್ನ ಹತ್ತಿರ ಸೆಟಪ್ ಇದೆ. ಕಾಲೇಜಿನಲ್ಲಿದ್ದಾಗ ಸೀಲ್ ಮಾಡಿಸಿಕೊಂಡ ದಪ್ಪ ಗಾಜಿನ ಕೊಳವೆ, ಒಳಗೆ NO2. ಒಂದು ಕಡೆ ನೀಲಿ ಎಲ್‌ಇಡಿ, ಇನ್ನೊಂದು ಕಡೆ ಫೋಟೋಡಯೋಡ್, ಮಲ್ಟಿಮೀಟರ್. NO2 ಕಂದು ಬಣ್ಣ, ನೀಲಿ ಬೆಳಕು ನುಂಗುತ್ತೆ, N2O4 ಗೆ ಬಣ್ಣ ಇಲ್ಲ. ಕೊಳವೆಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ಹೊರಗಿನ ಬೆಳಕು ತಡೆದಿದ್ದೇನೆ. ಡಬ್ಬಿ ನಮ್ಮ ಮನೆ ಹಲಸಿನ ಹಲಗೆಯದು, ಪಾಲಿಶ್ ಕೂಡ ಮಾಡಿದ್ದೇನೆ. ಫೋಟೋ ಬೇಕಾದರೆ ಹಾಕ್ತೀನಿ.

ನನ್ನ ಪ್ರಶ್ನೆ: ಬಿಸಿನೀರಲ್ಲಿಟ್ಟು 60 ಡಿಗ್ರಿಗೆ ತಂದರೆ ಬಣ್ಣ ಗಾಢ ಆಗುತ್ತೆ. ಆದರೆ ರೀಡಿಂಗ್ ಪ್ರಕಾರ NO2 1.7 ಪಟ್ಟು ಮಾತ್ರ ಏರಿದೆ. ಇದೇ 0.148 ಇಟ್ಟು ಲೆಕ್ಕ ಹಾಕಬಹುದಾ?

ಘಾಟಿರೋಡ್

ಫೋಟೋ ಹಾಕಿ ಮಾರಾಯ್ರೆ, ಡಬ್ಬಿ ನೋಡ್ಬೇಕು.

ಹಳೇ ಮೇಷ್ಟ್ರು

ಮೊದಲು ಒಂದು ಮಾತು. ಆ ಕೊಳವೆ ಒಡೆದರೆ ಕೋಣೆ ಬಿಟ್ಟು ಓಡಿ. NO2 ಉಸಿರಾಡಿದ ಕೂಡಲೇ ಏನೂ ಅನ್ನಿಸದೆ, ಗಂಟೆಗಳು ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಮನೆಯೊಳಗೆ ಬಿಸಿ ಮಾಡಬೇಡಿ.

0.148 ನಡೆಯೋದಿಲ್ಲ, ಅದು 25 ಡಿಗ್ರಿಯದು. ಈ ಕ್ರಿಯೆ 57.2 ಕಿಲೋಜೂಲ್ ಶಾಖ ಹೀರುತ್ತೆ. ΔH° ಅಷ್ಟೇ ಇರುತ್ತೆ ಅಂತಿಟ್ಟುಕೊಂಡರೆ 60 ಡಿಗ್ರಿಯಲ್ಲಿ K ಸುಮಾರು 1.67, ಹನ್ನೊಂದು ಪಟ್ಟು. ನಿಮ್ಮದು ಸೀಲ್ ಆದ ಕೊಳವೆ, ಹಾಗಾಗಿ ಕೊಡೆಮಳೆಯ ಸೂತ್ರವೇ ಬೇಕು, ಪುಸ್ತಕದ್ದಲ್ಲ. ಆದರೆ ಬಿಸಿಗೆ ಶುರುವಿನ ಒತ್ತಡವೂ 1.12 ಬಾರ್ ಆಗುತ್ತೆ, ಅದನ್ನು ಸೇರಿಸಿ. 25 ಡಿಗ್ರಿಯಲ್ಲಿ ಒಡೆಯುವ ಮುಂಚೆ 1 ಬಾರ್ ಇದ್ದಿದ್ದರೆ 60ರಲ್ಲಿ a 0.45. ಅಂದರೆ NO2 2.6 ಪಟ್ಟು ಆಗಬೇಕು. ಒಳಗಿನ ಒಟ್ಟು ಒತ್ತಡ 1.6 ಬಾರ್ ದಾಟುತ್ತೆ.

ನಿಮಗೆ 1.7 ಬಂದಿದೆ. ಕೊಳವೆಯಲ್ಲಿ ಎಷ್ಟು ಗ್ಯಾಸ್ ಇದೆ ಗೊತ್ತಾ? ಕಮ್ಮಿ ತುಂಬಿದ್ದರೆ 25ರಲ್ಲೇ ಹೆಚ್ಚು ಭಾಗ ಒಡೆದಿರುತ್ತೆ, ಏರೋದಕ್ಕೆ ಜಾಗ ಕಮ್ಮಿ. ಇನ್ನೊಂದು, ಮೀಟರ್ ರೀಡಿಂಗ್ ನೇರ ಹೋಲಿಸಿದ್ರಾ, ಲಾಗ್ ತಗೊಂಡ್ರಾ?

ಅಡಿಕೆಚಪ್ಪರ

ಲಾಗ್ ತಗೊಂಡಿದ್ದೇನೆ ಅನ್ಸುತ್ತೆ, ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಗ್ಯಾಸ್ ಎಷ್ಟಿದೆ ಅಂತ ಗೊತ್ತಿಲ್ಲ, ತುಂಬಿಸಿದವರು ಆಗಲೇ ರಿಟೈರ್ ಆಗಿದ್ದಾರೆ. ಕೊಳವೆ ಒಡೆಯದೆ ತಿಳಿಯೋ ದಾರಿ ಇದೆಯಾ?

ಕೊಡೆಮಳೆ

ಎರಡು ಉಷ್ಣತೆಯ ರೀಡಿಂಗ್ ಇದ್ದು, ಎರಡೂ K ಗೊತ್ತಿದ್ದರೆ ಆ ಅನುಪಾತದಿಂದಲೇ ಶುರುವಿನ ಒತ್ತಡ ಬಿಡಿಸಬಹುದಲ್ವಾ ಸರ್?

ಹಳೇ ಮೇಷ್ಟ್ರು

ಬಿಡಿಸಬಹುದು, ರೀಡಿಂಗ್ ನಂಬುವ ಹಾಗಿದ್ದರೆ. ಐಸ್ ನೀರಿನದೂ ಒಂದು ರೀಡಿಂಗ್ ಬೇಕು, ಮೂರು ಸಿಕ್ಕರೆ ಒಂದನ್ನೊಂದು ಪರೀಕ್ಷಿಸಬಹುದು. ಅಡಿಕೆಚಪ್ಪರ, ತೆಗೆದು ಹಾಕಿ.

ಅಡಿಕೆಚಪ್ಪರ

ಐಸ್ ಮಾಡೋಕೆ ಫ್ರಿಜ್ ಬೇಕು, ಫ್ರಿಜ್‌ಗೆ ಕರೆಂಟ್ ಬೇಕು. ಲೈನ್ ಮೇಲೆ ಮರ ಬಿದ್ದಿದೆಯಂತೆ. ಬಂದ ಮೇಲೆ ಹಾಕ್ತೀನಿ.

ತುಂಗಾತೀರ

K ವಿಚಾರ ನಾನಿನ್ನೂ ಬಿಟ್ಟಿಲ್ಲ.